ನಾಲ್ಕು ವರ್ಷ ಓಬಿವಿ ಜೊತೆ: ಗೆರೆ ಒಳ್ಳೇದೇ, ಆದರೆ ಒಂದು ದಿನದ ಮಾತು ನಂಬಬೇಡಿ

ಒಂದೇ ಶೇರು, ಒಂದೇ ದಿನ. ನನ್ನ ಆ್ಯಪಲ್ಲಿ ಓಬಿವಿ ಗೆರೆ, ಅಂದರೆ ದಿನಾ ಕೈ ಬದಲಾದ ಶೇರುಗಳ ಸಂಖ್ಯೆಯನ್ನು ಕೂಡಿ ಕಳೆದು ಎಳೆಯುವ ಆನ್-ಬ್ಯಾಲೆನ್ಸ್ ವಾಲ್ಯೂಮ್, ಒಂಬತ್ತು ಲಕ್ಷ ಮೇಲಕ್ಕೆ ಹಾರಿತ್ತು. ನನ್ನ ಭಾಮೈದನ ಆ್ಯಪಲ್ಲಿ ಅದೇ ಗೆರೆ ಒಂಬತ್ತು ಲಕ್ಷ ಕೆಳಕ್ಕೆ ಬಿದ್ದಿತ್ತು. "ಭಾವ, ಎಲ್ಲಿದೆ ನೀವು ಹೇಳಿದ ಕೂಡಿಡೋದು? ನನ್ನದ್ರಲ್ಲಿ ಎಲ್ಲಾ ಮಾರಿಕೊಂಡು ಹೋಗ್ತಾ ಇದ್ದಾರೆ" ಅಂತ ಅವನು ಫೋನ್ ಮಾಡಿ ನಕ್ಕ. ಅಷ್ಟೊತ್ತಿಗೆ ನಾನು ನೂರು ಶೇರು ತಗೊಂಡಾಗಿತ್ತು. ಈ ವಿಮರ್ಶೆ ಬರೆಯೋಕೆ ಆ ಫೋನೇ ಕಾರಣ.

ನಂದು ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ. ಶೇರಿಗೆ ಅಂತ ಇಟ್ಟಿರೋದು ಒಂದೂವರೆ ಲಕ್ಷ, ಅದಕ್ಕಿಂತ ಜಾಸ್ತಿ ಇಲ್ಲ. ಹಗಲು ಹೊತ್ತು ಚಾರ್ಟ್ ನೋಡಲು ಆಗಲ್ಲ. ರಾತ್ರಿ ಷಟರ್ ಎಳೆದ ಮೇಲೆ ಅರ್ಧ ಗಂಟೆ ಸಿಗುತ್ತೆ. ಅದಕ್ಕೇ ದಿನಕ್ಕೊಂದು ಸಂಖ್ಯೆ ಬರೆದರೆ ಸಾಕಾಗುವ ಓಬಿವಿ ನನಗೆ ಮೊದಲ ನೋಟಕ್ಕೇ ಇಷ್ಟವಾಯಿತು. ಇದನ್ನು 1963ರಲ್ಲಿ ಜೋಸೆಫ್ ಗ್ರಾನ್ವಿಲ್ ಎಂಬ ಅಮೆರಿಕದವರು ಜನಪ್ರಿಯ ಮಾಡಿದ್ದು. ಕಂಪ್ಯೂಟರ್ ಇಲ್ಲದ ಕಾಲದ ಲೆಕ್ಕ, ಹಾಗಾಗಿ ಬೆರಳಲ್ಲೇ ಮಾಡಬಹುದು.

ಲೆಕ್ಕ ಇಷ್ಟೇ. ಇವತ್ತಿನ ಕ್ಲೋಸ್, ಅಂದರೆ ದಿನದ ಮುಕ್ತಾಯದ ಬೆಲೆ, ನಿನ್ನೆಗಿಂತ ಮೇಲಿದ್ದರೆ ಇವತ್ತು ಕೈ ಬದಲಾದ ಶೇರುಗಳ ಸಂಖ್ಯೆಯನ್ನು, ಅಂದರೆ ಪೂರ್ತಿ ವಾಲ್ಯೂಮನ್ನು ಕೂಡಿಸು. ಕೆಳಗಿದ್ದರೆ ಪೂರ್ತಿ ಕಳೆ. ಸಮ ಇದ್ದರೆ ಬಿಟ್ಟುಬಿಡು. ನನ್ನ ನೋಟ್‌ಬುಕ್ಕಿನ ಒಂದು ವಾರ ಹೇಳುತ್ತೇನೆ. ಹಿಂದಿನ ಶುಕ್ರವಾರ ಬೆಲೆ 220, ಗೆರೆಯನ್ನು ಸೊನ್ನೆಯಿಂದ ಶುರು ಮಾಡಿದ್ದೆ. ಸೋಮವಾರ 221.40, ವಾಲ್ಯೂಮ್ 90 ಸಾವಿರ, ಗೆರೆ ಸಾವಿರದ ಲೆಕ್ಕದಲ್ಲಿ 90. ಮಂಗಳವಾರ 219.80, 40 ಸಾವಿರ. ಗೆರೆ 50ಕ್ಕೆ ಇಳಿಯಿತು. ಬುಧವಾರ ಅದೇ 219.80, ಗೆರೆ ಅಲುಗಾಡಲಿಲ್ಲ. ಗುರುವಾರ 222, 1 ಲಕ್ಷ 30 ಸಾವಿರ, ಗೆರೆ 180. ಶುಕ್ರವಾರ 220.10, 50 ಸಾವಿರ, ಗೆರೆ 130.

ವಾರದಲ್ಲಿ ಬೆಲೆ ಏರಿದ್ದು ಹತ್ತು ಪೈಸೆ. ಗೆರೆ ಏರಿದ್ದು 1 ಲಕ್ಷ 30 ಸಾವಿರ. ಏರಿದ ದಿನ ಜನ ಜಾಸ್ತಿ, ಇಳಿದ ದಿನ ಕಡಿಮೆ. ಸಿಮೆಂಟ್ ರೇಟ್ ಏರುತ್ತೆ ಅಂತ ಗೊತ್ತಾದ ಕಂಟ್ರಾಕ್ಟರುಗಳು ಮಾಡೋದೂ ಇದನ್ನೇ. ಒಂದೇ ಸಲ ಮುನ್ನೂರು ಚೀಲ ಕೇಳಲ್ಲ, ಕೇಳಿದರೆ ನಾವೂ ರೇಟ್ ಏರಿಸುತ್ತೇವೆ ಅಂತ ಅವರಿಗೆ ಗೊತ್ತು. ಇವತ್ತು ಇಪ್ಪತ್ತು, ನಾಡಿದ್ದು ಮೂವತ್ತು, ಹೀಗೆ ಸದ್ದಿಲ್ಲದೆ ಎತ್ತಿಡುತ್ತಾರೆ. ದೊಡ್ಡ ಫಂಡುಗಳೂ ಆರ್ಡರನ್ನು ಚೂರು ಚೂರು ಮಾಡಿ ವಾರಗಟ್ಟಲೆ ತಗೊಳ್ಳೋದು ಇದೇ ಕಾರಣಕ್ಕೆ. ಬೆಲೆ ಮೇಲೊಂದು ಕೆಳಗೊಂದು ಮಿತಿಯ ಪಟ್ಟಿಯೊಳಗೇ ಓಡಾಡುತ್ತಿರುವಾಗ ಗೆರೆ ಮಾತ್ರ ಮೇಲೆ ಹೋಗುತ್ತಿದ್ದರೆ, ಯಾರೋ ಕೂಡಿಡುತ್ತಿದ್ದಾರೆ ಅಂತ ಒಂದು ಊಹೆ.

ಜೊತೆಗೆ ಇನ್ನೊಂದು ಗೆರೆ ಇಟ್ಟುಕೊಂಡಿದ್ದೇನೆ. ಮಾರ್ಕ್ ಚೈಕಿನ್ ಅವರ ಅಕ್ಯುಮುಲೇಶನ್-ಡಿಸ್ಟ್ರಿಬ್ಯೂಷನ್. ನಾನು ಎಡಿ ಅಂತೀನಿ. ಇದು ನಿನ್ನೆಯ ಬೆಲೆ ಕೇಳೋದೇ ಇಲ್ಲ. ಇವತ್ತಿನ ಅತಿ ಹೆಚ್ಚಿನ ಬೆಲೆ ಹೈ ಮತ್ತು ಅತಿ ಕಡಿಮೆ ಬೆಲೆ ಲೋ ನಡುವೆ ಕ್ಲೋಸ್ ಎಲ್ಲಿ ಬಂತು ಅಂತ ಮಾತ್ರ ನೋಡುತ್ತೆ. ಹೈ ಹತ್ತಿರ ಮುಗಿದರೆ ವಾಲ್ಯೂಮಿನ ದೊಡ್ಡ ಪಾಲು ಕೂಡುತ್ತೆ, ಲೋ ಹತ್ತಿರ ಮುಗಿದರೆ ಕಳೆಯುತ್ತೆ. ಮೇಲಿನ ಗುರುವಾರ ಹೈ 224, ಲೋ 218, ಕ್ಲೋಸ್ 222. ಓಬಿವಿ ಪೂರ್ತಿ 1 ಲಕ್ಷ 30 ಸಾವಿರ ಕೂಡಿತು. ಎಡಿ ಮೂರರಲ್ಲಿ ಒಂದು ಪಾಲು, ಅಂದರೆ ಸುಮಾರು 43 ಸಾವಿರ ಮಾತ್ರ ಕೂಡಿತು. ಓಬಿವಿಗೆ ಸಂತೆಯ ಸ್ವಭಾವ, ಎಡಿಗೆ ಅಕ್ಕಸಾಲಿಗನ ತಕ್ಕಡಿ.

ಶೀಟಲ್ಲಿ ಹಾಕಿಕೊಳ್ಳುವವರಿಗೆ: C ಕಾಲಮ್ಮಲ್ಲಿ ಕ್ಲೋಸ್, D ಹೈ, E ಲೋ, F ವಾಲ್ಯೂಮ್ ಇದ್ದರೆ G ಮತ್ತು H ಹೀಗೆ.

```
G3: =G2+SIGN(C3-C2)*F3
H3: =H2+IF(D3=E3,0,((C3-E3)-(D3-C3))/(D3-E3))*F3
```

ಎರಡನೇ ಸಾಲಲ್ಲಿ IF ಯಾಕೆ ಅಂದರೆ, ಬೆಳಗ್ಗೆ ಬೆಲ್ ಹೊಡೆದ ಕೂಡಲೇ ದಿನದ ಗರಿಷ್ಠ ಮಿತಿಯಾದ ಅಪ್ಪರ್ ಸರ್ಕ್ಯೂಟಿಗೆ ಬೆಲೆ ಲಾಕ್ ಆದ ದಿನ ಹೈಯೂ ಲೋಯೂ ಒಂದೇ. ಸೊನ್ನೆಯಿಂದ ಭಾಗಿಸಲು ಹೋಗಿ ಶೀಟ್ ಕೈ ಎತ್ತಿಬಿಡುತ್ತೆ. ಎಲ್ಲರೂ ತಗೊಳ್ಳಲು ಮುಗಿಬಿದ್ದ ದಿನವೇ ಎಡಿ ಸುಮ್ನೆ ಕೂತಿರುತ್ತೆ ಅನ್ನೋದು ಬೇರೆ ತಮಾಷೆ.

ಮೊದಲ ಎರಡು ವರ್ಷ ಈ ಅರ್ಧ ಗಂಟೆಯೇ ನನಗೆ ದಿನದ ಸುಖವಾಗಿತ್ತು. ಎನ್ಎಸ್ಇ ಸೈಟಿಂದ ಆ ದಿನದ ಬೆಲೆ, ವಾಲ್ಯೂಮ್ ಎಲ್ಲಾ ಇರುವ ಭಾವ್‌ಕಾಪಿ ಇಳಿಸೋದು, ನನ್ನ ಹನ್ನೆರಡು ಶೇರುಗಳ ಸಾಲು ಹುಡುಕೋದು, ಹಸಿರು ಪೆನ್ನಲ್ಲಿ ಓಬಿವಿ, ನೀಲಿ ಪೆನ್ನಲ್ಲಿ ಎಡಿ. ಹೆಂಡತಿ ಊಟಕ್ಕೆ ಕರೆದರೂ "ಇನ್ನೆರಡು ಸಾಲು" ಅನ್ನುತ್ತಿದ್ದೆ. ಆ್ಯಪಲ್ಲಿ ಗೆರೆ ತಾನೇ ಬರುತ್ತಲ್ಲ, ಬರೆಯೋದ್ಯಾಕೆ ಅಂತ ಭಾಮೈದ ಕೇಳುತ್ತಿದ್ದ. ಅವನ ಮಾತಿಗೆ ಸೋತು 2023ರಲ್ಲಿ ಬರೆಯೋದು ಬಿಟ್ಟು ಆ್ಯಪಿನ ಗೆರೆಯನ್ನೇ ನಂಬಲು ಶುರು ಮಾಡಿದೆ. ಸಿಕ್ಕಿಬಿದ್ದಿದ್ದು ಆಗಲೇ.

ಆ ಶೇರು ಹನ್ನೊಂದು ವಾರ 212ರಿಂದ 228ರ ನಡುವೆಯೇ ಸುತ್ತುತ್ತಿತ್ತು. ದಿನದ ವಾಲ್ಯೂಮ್ ಸುಮಾರು 65 ಸಾವಿರ. ಒಂದು ದಿನ ಇದ್ದಕ್ಕಿದ್ದಂತೆ 9 ಲಕ್ಷ. ಗೆರೆ ಹೊಸ ಎತ್ತರಕ್ಕೆ ಹೋಯಿತು. ಬೆಲೆ ಮಾತ್ರ ಇನ್ನೂ ಪಟ್ಟಿಯೊಳಗೇ ಇತ್ತು. ಪುಸ್ತಕದಲ್ಲಿ ಹೇಳಿದ ಹಾಗೇ ಇದೆ ಅಂತ ಮಾರನೇ ದಿನ 221ಕ್ಕೆ ನೂರು ಶೇರು ತಗೊಂಡೆ. ಆ ಸಂಜೆಯೇ ಭಾಮೈದನ ಫೋನ್ ಬಂದಿದ್ದು.

ಹಳೇ ಫೈಲ್ ಇಳಿಸಿ ನೋಡಿದೆ. ಹಿಂದಿನ ದಿನದ ಬೆಲೆ ಇಬ್ಬರ ಆ್ಯಪಲ್ಲೂ 219.60. ಆ ದಿನದ ಸಾಲಲ್ಲಿ CLOSE_PRICE 219.65, LAST_PRICE 219.40. ಆಗ ನಮ್ಮ ಮಾರುಕಟ್ಟೆಯಲ್ಲಿ ಕ್ಲೋಸ್ ಅಂದರೆ ಕೊನೆಯ ವಹಿವಾಟಿನ ಬೆಲೆ ಅಲ್ಲ; ಕೊನೆಯ ಅರ್ಧ ಗಂಟೆಯ ವಹಿವಾಟುಗಳ, ವಾಲ್ಯೂಮಿಗೆ ತಕ್ಕ ತೂಕದ ಸರಾಸರಿ. ನನ್ನ ಆ್ಯಪ್ ಆ ಸರಾಸರಿ ತಗೊಂಡಿತ್ತು, ಐದು ಪೈಸೆ ಮೇಲೆ. ಅವನದು ಕೊನೆಯ ವಹಿವಾಟಿನ ಬೆಲೆ ತಗೊಂಡಿತ್ತು, ಇಪ್ಪತ್ತು ಪೈಸೆ ಕೆಳಗೆ. ಐದು ಪೈಸೆಯೋ ಐದು ರೂಪಾಯಿಯೋ, ಓಬಿವಿಗೆ ಎರಡೂ ಒಂದೇ. ಇಬ್ಬರ ಗೆರೆಗಳ ನಡುವೆ 18 ಲಕ್ಷದ ಅಂತರ.

ಎಡಿ ಲೆಕ್ಕ ಹಾಕಿದೆ. ಹೈ 223, ಲೋ 219. ಕ್ಲೋಸ್ ಲೋ ಪಕ್ಕದಲ್ಲೇ ಇದೆ. ಉತ್ತರ ಸುಮಾರು ಮೈನಸ್ 6 ಲಕ್ಷ. ಮೇಲೆ ಹೋದ ಬೆಲೆಯನ್ನು ಯಾರೋ ಒತ್ತಿ ಕೆಳಗೆ ತಂದಿದ್ದಾರೆ. ನನ್ನ ಹಸಿರು ಗೆರೆ ಕುಣಿಯುವಾಗ ನೀಲಿ ಗೆರೆ ತಲೆ ಬಗ್ಗಿಸಿ ನಿಂತಿತ್ತು. ನಾನು ನೋಡಿರಲಿಲ್ಲ, ಅಷ್ಟೇ.

ಇನ್ನೂ ಎರಡು ಕಾಲಮ್ ಇದ್ದವು. ಕೊಂಡವರ ಖಾತೆಗೆ ನಿಜವಾಗಿ ಹೋದ ಶೇರು ನೂರಕ್ಕೆ ಎಷ್ಟು ಅಂತ ಹೇಳುವ DELIV_PER ಬರೀ 4, ಅಂದರೆ DELIV_QTY 36 ಸಾವಿರ. ಮಾಮೂಲಿ ದಿನ 65 ಸಾವಿರದಲ್ಲಿ ನೂರಕ್ಕೆ 45ರಷ್ಟು, ಸುಮಾರು 29 ಸಾವಿರ ಡೆಲಿವರಿ ಆಗುತ್ತಿತ್ತು. ಮನೆಗೆ ಹೋದ ಮಾಲು ಹೆಚ್ಚೂ ಕಡಿಮೆ ಯಾವಾಗಿನಷ್ಟೇ. ಉಳಿದ ಎಂಟೂವರೆ ಲಕ್ಷ ಬೆಳಗ್ಗೆ ತಗೊಂಡು ಸಂಜೆಯೊಳಗೆ ಮಾರಿದ್ದು. ದೊಡ್ಡ ವಹಿವಾಟುಗಳ ಬಲ್ಕ್ ಡೀಲ್ ಪಟ್ಟಿಯಲ್ಲಿ ಒಂದೇ ಸಂಸ್ಥೆಯ ಹೆಸರು ಕೊಳ್ಳುವ ಕಡೆಯೂ ಮಾರುವ ಕಡೆಯೂ ಇತ್ತು, ಹತ್ತಿರ ಹತ್ತಿರ ಒಂದೇ ಸಂಖ್ಯೆ. ಕೂಡಿಡೋದಲ್ಲ ಇದು, ಕೈ ಬದಲಾಯಿಸೋದು. ಎರಡು ವಾರದಲ್ಲಿ ಬೆಲೆ 212 ಒಡೆದು 206ಕ್ಕೆ ಬಂತು. ಮಾರಿದೆ. ಹೋಗಿದ್ದು 1,500 ರೂಪಾಯಿ. ಅದಕ್ಕಿಂತ ಉರಿದಿದ್ದು, ಎರಡು ವರ್ಷ ಕೈಯಾರೆ ಬರೆದವನು ಕಣ್ಣೆದುರಿನ ಸಾಲನ್ನೇ ನೋಡಲಿಲ್ಲವಲ್ಲ ಅನ್ನೋದು.

ಒಂದು ತಿಂಗಳು ನೋಟ್‌ಬುಕ್ ಮುಟ್ಟಲಿಲ್ಲ. ಆಮೇಲೆ ಹಳೆಯ ಪುಟಗಳನ್ನು ತಿರುವುತ್ತಾ ಒಂದು ಕೆಲಸ ಮಾಡಿದೆ. ಪ್ರತಿ ಶೇರಲ್ಲೂ ಪಟ್ಟಿಯೊಳಗಿನ ಅತಿ ದೊಡ್ಡ ವಾಲ್ಯೂಮ್ ದಿನವನ್ನು ಹೊಡೆದುಹಾಕಿ ಗೆರೆಯನ್ನು ಮತ್ತೆ ಎಳೆದೆ. ಆ ನೂರು ಶೇರಿನ ಕಂಪನಿಯ ಗೆರೆ ಹನ್ನೊಂದು ವಾರ ಚಪ್ಪಟೆ! ಇಡೀ ಏರಿಕೆ ಆ ಒಂದು ದಿನದ್ದೇ. ಸದ್ದಿಲ್ಲದೆ ಕೂಡಿಡುವವನು ಒಂದೇ ದಿನ ಡೋಲು ಹೊಡೆಯಲ್ಲ, ಅಲ್ವಾ? ಇಂಡೆಕ್ಸಿಗೆ ಶೇರು ಸೇರುವ ದಿನ, ಪ್ರವರ್ತಕರು ಪಾಲು ಮಾರುವ ದಿನ, ಇಂಥವೆಲ್ಲ ಈ ಜರಡಿಯಲ್ಲಿ ನಿಲ್ಲುತ್ತವೆ.

ಮುಂದಿನ ವರ್ಷ ಇನ್ನೊಂದು ಶೇರು ಸಿಕ್ಕಿತು. ಒಂಬತ್ತು ವಾರ 298ರಿಂದ 318ರ ನಡುವೆ. ದೊಡ್ಡ ದಿನ ತೆಗೆದರೂ ಗೆರೆ ಏರುತ್ತಲೇ ಇತ್ತು. ನೀಲಿಯೂ ಜೊತೆಗಿತ್ತು. ಡೆಲಿವರಿ ಸಂಖ್ಯೆ ಏರಿದ ದಿನಗಳಲ್ಲಿ ಜಾಸ್ತಿ, ಇಳಿದ ದಿನಗಳಲ್ಲಿ ಕಡಿಮೆ. ಬೆಲೆ 311 ಇರುವಾಗಲೇ ಓಬಿವಿ ತನ್ನ ಹಳೇ ಎತ್ತರ ದಾಟಿತು. ಆಗಲೂ ತಗೊಳ್ಳಲಿಲ್ಲ. 321ಕ್ಕೆ ಕ್ಲೋಸ್ ಆದ ಮೇಲೆ, ಮಾರನೇ ಬೆಳಗ್ಗೆ ಅದೇ 321ಕ್ಕೆ ಅರವತ್ತು ಶೇರು. 305 ಮುರಿದರೆ ಆಚೆ ಅಂತ ಬರೆದಿಟ್ಟೆ. ಐದು ವಾರದಲ್ಲಿ 352ಕ್ಕೆ ಮಾರಿದೆ. ಬಂದಿದ್ದು 1,860. ಹಿಂದಿನ ನಷ್ಟ ಕಳೆದರೆ ಎರಡೂ ಸೇರಿ ಲಾಭ 360 ರೂಪಾಯಿ, ಬ್ರೋಕರೇಜ್ ಬೇರೆ. ಭಾಮೈದನಿಗೆ ಇದನ್ನು ಹೇಳಿಲ್ಲ.

ಎಲ್ಲಾ ಸರಿ ಇದ್ದೂ ಪಟ್ಟಿ ದಾಟಿ ಬ್ರೇಕೌಟ್ ಆಗದೆ ಹೋದ ಶೇರುಗಳೂ ನೋಟ್‌ಬುಕ್ಕಲ್ಲಿ ಇವೆ. ನನ್ನ ಅಂಗಡಿಯಲ್ಲಿ ಚೀಲ ಎತ್ತಿದ್ದು ಯಾರು ಅಂತ ನನಗೆ ಗೊತ್ತು. ಗೆರೆಗೆ ಗೊತ್ತಿಲ್ಲ. ಪ್ರತಿ ವಹಿವಾಟಿನಲ್ಲೂ ಕೊಂಡವನಷ್ಟೇ ಮಾರಿದವನೂ ಇದ್ದಾನೆ. ಕ್ಲೋಸ್ ನೋಡಿ ಯಾರ ಕೈ ಮೇಲಿತ್ತು ಅಂತ ಅದು ಅಂದಾಜು ಮಾಡುತ್ತೆ, ಅಷ್ಟೇ. ಬರೀ ಆ್ಯಪಲ್ಲಿ ನೋಡುವವರಿಗೆ ನಾನು ಐದಕ್ಕೆ ಎರಡು ಸ್ಟಾರ್ ಕೊಡುತ್ತೇನೆ. ಭಾವ್‌ಕಾಪಿ ಇಳಿಸಿ ಕೈಯಲ್ಲಿ ಬರೆಯುವ ವ್ಯವಧಾನ ಇದ್ದರೆ ನಾಲ್ಕು.

ಈಗ ಮತ್ತೆ ಹಸಿರು, ನೀಲಿ ಪೆನ್ನು ಬಂದಿವೆ. ಡೆಲಿವರಿಗೆ ಪೆನ್ಸಿಲ್. ಏಳನೇ ವಾರದಲ್ಲಿರುವ ಒಂದು ಶೇರಿದೆ, ದೊಡ್ಡ ದಿನ ತೆಗೆದರೂ ಗೆರೆ ಮೆಲ್ಲಗೆ ಏರುತ್ತಿದೆ. 164ರ ಮೇಲೆ ಕ್ಲೋಸ್ ಆಗಬೇಕು. ನಿನ್ನೆ 163.90ಕ್ಕೆ ನಿಂತಿತು. ಕೊನೆಯ ವಹಿವಾಟು 164.20 ಇತ್ತು ಅಂತ ಭಾಮೈದ ಆಗಲೇ ತಗೊಂಡಿದ್ದಾನೆ.