ಬ್ಯೂರೆಟ್ಟೋ, ಪಿಪೆಟ್ಟೋ, ಅಳತೆ ಜಾಡಿಯೋ?

ಪ್ರಯೋಗಾಲಯದ ಈ ಮೂರೂ ಫೋಟೋದಲ್ಲಿ ಉದ್ದ ಗಾಜಿನ ಕೊಳವೆಗಳಂತೆಯೇ ಕಾಣುತ್ತವೆ. ಮೊದಲು ಕೆಳತುದಿ ನೋಡಿ. ತಿರುಗಿಸುವ ನಲ್ಲಿ ಇದ್ದು, ಸ್ಟ್ಯಾಂಡಿಗೆ ಕ್ಲ್ಯಾಂಪ್ ಹಾಕಿದ್ದರೆ ಅದು ಬ್ಯೂರೆಟ್. ಇದರಲ್ಲಿ ಸೊನ್ನೆ ಮೇಲಿರುತ್ತದೆ, ಯಾಕೆಂದರೆ ನಾವು ಅಳೆಯುವುದು ಹೊರಗೆ ಬಿಟ್ಟ ದ್ರವವನ್ನು. ಅಗಲವಾದ ಪಾದದ ಮೇಲೆ ತಾನೇ ನಿಂತಿದ್ದರೆ ಅಳತೆ ಜಾಡಿ. ಅಲ್ಲಿ ಅಂಕಿಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ನಡುವೆ ಉಬ್ಬಿದ್ದು, ಮೇಲೆ ಒಂದೇ ಗೆರೆ ಇದ್ದರೆ ಪಿಪೆಟ್.

ಟೈಟ್ರೇಶನ್‌ ಅಂದರೆ ಇಲ್ಲಿ ಕ್ಷಾರಕ್ಕೆ ಸರಿಹೊಂದಲು ಎಷ್ಟು ಆಮ್ಲ ಬೇಕೆಂದು ಅಳೆಯುವ ಪ್ರಯೋಗ. ಅದರಲ್ಲಿ 10 ಮಿ.ಲೀ. ಕ್ಷಾರವನ್ನು ಶಂಕುವಿನಾಕಾರದ ಫ್ಲಾಸ್ಕಿಗೆ ಹಾಕಬೇಕು ಅಂದುಕೊಳ್ಳಿ. ಇಲ್ಲಿ ಪಿಪೆಟ್ಟನ್ನೇ ಆರಿಸಿ. ದ್ರವದ ಬಾಗಿದ ಮೇಲ್ಮೈಯ ತಳ ಗೆರೆಗೆ ತಾಗುವಂತೆ, ಕಣ್ಣಿನ ಮಟ್ಟದಲ್ಲಿ ಹಿಡಿದು ನೋಡಿ. ಬಿಟ್ಟ ಮೇಲೆ ತುದಿಯಲ್ಲಿ ಒಂದು ಹನಿ ಉಳಿಯುತ್ತದೆ, ಅಲ್ವಾ? ಅದನ್ನು ಊದಬೇಡಿ. ಆ ಹನಿ ಉಳಿಯುತ್ತದೆಂದು ಲೆಕ್ಕ ಹಾಕಿಯೇ ಗೆರೆ ಹಾಕಿರುತ್ತಾರೆ. ತುದಿಯನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿದರೆ ಸಾಕು.

ಆಮ್ಲ ಎಷ್ಟು ಬೇಕಾಗುತ್ತದೆಂದು ಮೊದಲೇ ಗೊತ್ತಿರುವುದಿಲ್ಲ, ಹಾಗಾಗಿ ಅದಕ್ಕೆ ಬ್ಯೂರೆಟ್ಟೇ ಬೇಕು. ಆರಂಭದಲ್ಲಿ 0.0, ಫ್ಲಾಸ್ಕಿನಲ್ಲಿ ಹಾಕಿದ ಸೂಚಕದ ಬಣ್ಣ ಬದಲಾದಾಗ 9.6 ಓದಿದರೆ ಖರ್ಚಾದದ್ದು 9.6 ಮಿ.ಲೀ. ನಲ್ಲಿಯ ಕೆಳಗೆ ಗಾಳಿಗುಳ್ಳೆ ಇದ್ದು ನಡುವೆ ಹೊರಟುಹೋದರೆ ಈ ಅಂಕಿ ಜಾಸ್ತಿ ಬರುತ್ತದೆ. ಸುಮ್ನೆ ನೀರು ಬೆರೆಸಲು ಅಳತೆ ಜಾಡಿ ಸಾಕು. ಬೀಕರಿನ ಗೆರೆಗಳು ಮಾತ್ರ ಬರೀ ಅಂದಾಜು.