ಮನೆ ಸೋಪಿಗೆ ಕ್ರಾಫ್ಟ್ ಕಾಗದ: ಪೂರ್ತಿ ಸುತ್ತಬೇಕಾ, ಪಟ್ಟಿ ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಪಟ್ಟಿ. ಸೋಪಿನ ನಡುವಿಗೆ ಐದು ಸೆಂಟಿಮೀಟರ್ ಅಗಲದ ಕಂದು ಕಾಗದ, ಎರಡೂ ತುದಿ ಬಯಲು. ಇಷ್ಟು ಗೊತ್ತಾಗುವಷ್ಟರಲ್ಲಿ ಒಂದಿಡೀ ಮಳೆಗಾಲ ಕಳೆಯಿತು, ನೂರಕ್ಕೂ ಹೆಚ್ಚು ಸೋಪು ಹಾಳಾಯಿತು.

ಶಿರಸಿ ಹತ್ತಿರದ ಹಳ್ಳಿಯಲ್ಲಿ ಮನೆಯಲ್ಲೇ ಸೋಪು ಮಾಡಿ ಮಾರುತ್ತೇನೆ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಸ್ವಲ್ಪ ಹರಳೆಣ್ಣೆ. ಕಾಸ್ಟಿಕ್ ಸೋಡಾವನ್ನು ನೀರಲ್ಲಿ ಕರಗಿಸಿ, ತಣಿಸಿ, ಎಣ್ಣೆಗೆ ಬೆರೆಸುವ ವಿಧಾನ. ಲಾವಂಚದ ಬೇರಿನ ಪುಡಿ, ಬೇವಿನೆಲೆ ಪುಡಿ, ಕಸ್ತೂರಿ ಅರಿಶಿನ ಹಾಕುತ್ತೇನೆ. ಎಣ್ಣೆಯಲ್ಲಿ ನೂರಕ್ಕೆ ಐದು ಪಾಲು ಸೋಪಾಗದೆ ಹಾಗೇ ಉಳಿಯಲಿ ಅಂತ ಸೋಡಾವನ್ನು ಅಷ್ಟಕ್ಕೆ ಲೆಕ್ಕ ಹಾಕಿ ಕಡಿಮೆ ಮಾಡುತ್ತೇನೆ. ಮೈಗೆ ಅದೇ ಹಿತ. ಆದರೆ ಕಾಗದದ ತಕರಾರು ಹುಟ್ಟುವುದೂ ಆ ಉಳಿದ ಎಣ್ಣೆಯಿಂದಲೇ.

ಮೇ ತಿಂಗಳಲ್ಲಿ ಹೋಲ್‌ಸೇಲ್ ಅಂಗಡಿಯೊಂದರಿಂದ ಐದು ಕೆಜಿ ಕಂದು ಕಾಗದದ ರೋಲು ತಂದೆ. ಒಳಮೈ ಸ್ವಲ್ಪ ನುಣುಪಾಗಿತ್ತು. ಕೇಳಿದೆ. “ಅಕ್ಕಾ, ಕ್ರಾಫ್ಟೇ ಇದು, ಎಣ್ಣೆ ಹಿಡಿಯಲ್ಲ, ಬೇಕರಿಯವರೂ ಇದನ್ನೇ ಒಯ್ಯೋದು” ಅಂದರು. ಎಣ್ಣೆ ಹಿಡಿಯಲ್ಲ ಅಂದದ್ದೇ ನನಗೆ ಸಾಕಾಯಿತು. ಜೂನ್ ಮೊದಲ ವಾರ, ಸೋಪು ಕತ್ತರಿಸಿ ನಾಲ್ಕು ವಾರ ಆಗಿತ್ತು, ನೂರ ನಲವತ್ತನ್ನು ಪೂರ್ತಿ ಮುಚ್ಚಿ ಸುತ್ತಿದೆವು. ಅದೇ ಹದದ ಇಪ್ಪತ್ತು ಸೋಪು ಸುತ್ತದೆ ಬಿದಿರಿನ ತಟ್ಟೆಯಲ್ಲಿ ಹಾಗೇ ಉಳಿದವು. ಉಳಿದದ್ದು ಒಳ್ಳೆಯದಾಯಿತು, ಹೋಲಿಸಿ ನೋಡಲು ಅವೇ ಸಿಕ್ಕವು.

ಜುಲೈ ನಡುವಿಗೆ ಒಂದು ಪೊಟ್ಟಣ ಬಿಚ್ಚಿದೆ. ಕಾಗದ ಸೋಪಿಗೆ ಕಚ್ಚಿಕೊಂಡಿತ್ತು. ಎಳೆದರೆ ಮೇಲಿನ ಕಂದು ಪದರ ಕೈಗೆ ಬಂತು, ಒಳಮೈಗೆ ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆ ಸೋಪಿನ ಮೇಲೇ ಉಳಿಯಿತು. ಸೋಪು ಬೆವತು ಲೋಳೆಯಾಗಿತ್ತು. ಮೂಲೆಗಳಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಕಿತ್ತಳೆ ಬಣ್ಣದ ಚುಕ್ಕೆಗಳು, ಮೂಗಿಗೆ ಹಿಡಿದರೆ ಹಳೇ ಹಪ್ಪಳ ಕರಿದ ಎಣ್ಣೆಯ ಕಮಟು. ಲಾವಂಚದ ವಾಸನೆ ಎಲ್ಲೋ ತಳದಲ್ಲಿತ್ತು. ತಟ್ಟೆಯಲ್ಲಿದ್ದ ಇಪ್ಪತ್ತೂ ಮೇಲ್ಮೈ ಸ್ವಲ್ಪ ಜಿಗುಟಾದದ್ದು ಬಿಟ್ಟರೆ ಗಟ್ಟಿಯಾಗಿಯೇ ಇದ್ದವು, ಚುಕ್ಕೆ ಎರಡರಲ್ಲಿ ಮಾತ್ರ.

ಆದದ್ದು ಇಷ್ಟು. ಎಣ್ಣೆ ಸೋಪಾಗುವಾಗ ಗ್ಲಿಸರಿನ್ ಕೂಡ ಹುಟ್ಟುತ್ತದೆ. ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಅದನ್ನು ಬೇರ್ಪಡಿಸಿ ತೆಗೆಯುತ್ತಾರೆ, ಮನೆ ಸೋಪಲ್ಲಿ ಅದು ಒಳಗೇ ಉಳಿಯುತ್ತದೆ. ಗಾಳಿಯ ತೇವವನ್ನು ಎಳೆದುಕೊಳ್ಳುವುದು ಗ್ಲಿಸರಿನ್ನಿನ ಗುಣ. ಜತೆಗೆ ನಾಲ್ಕು ವಾರದ ಸೋಪಲ್ಲಿ ಇನ್ನೂ ನೀರಿತ್ತು. ಹೊರಗೆ ಹೋಗಬೇಕಾದ ಆ ನೀರನ್ನು ಪ್ಲಾಸ್ಟಿಕ್ ಒಳಗೇ ತಡೆಯಿತು. ಸೋಪಾಗದೆ ಉಳಿದ ಎಣ್ಣೆ ಆ ತೇವದಲ್ಲಿ ಬೇಗ ಹಳಸಿತು. ಕಿತ್ತಳೆ ಚುಕ್ಕೆ ಅಂದರೆ ಹಳಸಿದ ಎಣ್ಣೆಯೇ.

ನನಗೆ ಸೋಪು ಹೋದದ್ದಕ್ಕಿಂತ ಹೆಚ್ಚು ನೋವಾದದ್ದು ಲೇಬಲ್ ನೋಡಿದಾಗ. “ಪ್ಲಾಸ್ಟಿಕ್ ಇಲ್ಲ, ಕಾಗದ ಗೊಬ್ಬರಕ್ಕೆ ಹಾಕಿ” ಅಂತ ನಾನೇ ಅಚ್ಚು ಹಾಕಿಸಿದ್ದೆ. ಅಷ್ಟರಲ್ಲಿ ಮಾರಾಟವಾಗಿದ್ದ ಮೂವತ್ತೆರಡು ಸೋಪಿನ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಕಾಗದವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ ಅಂತ ಹೇಳಿ, ದುಡ್ಡು ವಾಪಸ್ ಕೊಟ್ಟೆ.

ಕಾಗದ ಕೊಳ್ಳುವ ಮುಂಚೆ ಇದನ್ನು ಪತ್ತೆ ಹಚ್ಚಬಹುದು. ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ ಅಂತ ಹಲವರು ಹೇಳುತ್ತಾರೆ. ಅದೊಂದನ್ನೇ ನಂಬಬೇಡಿ, ಯಾಕೆಂದರೆ ಪ್ಲಾಸ್ಟಿಕ್ ಇಲ್ಲದ ಒಳ್ಳೆಯ ಕ್ರಾಫ್ಟ್ ಕೂಡ ಸ್ವಲ್ಪ ಹೊತ್ತು ನೀರು ಹೀರುವುದಿಲ್ಲ. ಮೂಲೆಯೊಂದನ್ನು ನಿಧಾನಕ್ಕೆ ಹರಿಯಿರಿ. ಬರೀ ಕಾಗದವಾದರೆ ಅಂಚಿನಲ್ಲಿ ನಾರು ನಾರು ಕಾಣುತ್ತದೆ, ಪ್ಲಾಸ್ಟಿಕ್ ಇದ್ದರೆ ಹರಿದ ಅಂಚಿನಾಚೆ ಪಾರದರ್ಶಕ ಪೊರೆ ಎಳೆದಂತೆ ಉದ್ದವಾಗುತ್ತದೆ. ಇನ್ನೂ ಅನುಮಾನ ಇದ್ದರೆ ಒಂದು ತುಂಡನ್ನು ರಾತ್ರಿ ನೀರಲ್ಲಿ ನೆನೆಸಿ ಬೆಳಿಗ್ಗೆ ಬೆರಳಲ್ಲಿ ತಿಕ್ಕಿ. ಕಾಗದ ಮುದ್ದೆಯಾಗಿ ಹೋಗುತ್ತದೆ, ಪೊರೆ ಕೈಯಲ್ಲಿ ಉಳಿಯುತ್ತದೆ.

ಎರಡನೇ ಸಲ ಲೇಪನ ಇಲ್ಲದ 80 ಜಿಎಸ್‌ಎಂ ಕಾಗದ ತಂದು ಪೂರ್ತಿ ಸುತ್ತಿದೆ. ಸೋಪು ಬೆವರಲಿಲ್ಲ, ಚುಕ್ಕೆಯೂ ಬರಲಿಲ್ಲ. ಆದರೆ ತಿಂಗಳೊಳಗೆ ಹೊರಮೈ ಮೇಲೆ ಎಣ್ಣೆ ಕಲೆ ಮೂಡಿತು, ಬಜ್ಜಿ ಕಟ್ಟಿದ ಕಾಗದದ ಹಾಗೆ. ಮೇಲೆ ಗುಲಾಬಿ ಎಸಳು ಒತ್ತಿದ್ದ ಸೋಪಂತೂ ಇನ್ನೂ ಕೆಟ್ಟದಾಗಿ ಕಂಡಿತು: ಹಸಿ ಸೋಪಿನ ಕ್ಷಾರಕ್ಕೆ ಎಸಳು ಕಂದಾಗಿ, ಕಾಗದಕ್ಕೂ ಆ ಕಂದು ಇಳಿದಿತ್ತು. ಎಸಳು ಹಾಕುವುದನ್ನೇ ಬಿಟ್ಟೆ. ಇನ್ನೊಂದು ತೊಂದರೆ, ಸಂತೆಗೆ ಬಂದವರು ಮೂಸಿ ನೋಡಲು ಮೂಲೆ ಹರಿಯುತ್ತಿದ್ದರು. ಮೂಸದೆ ಯಾರು ಸೋಪು ಕೊಳ್ಳುತ್ತಾರೆ?

ಪಟ್ಟಿಗೆ ಈ ಎರಡೂ ಕಾಟ ಇಲ್ಲ. ತುದಿಯಲ್ಲಿ ಮೂಸಬಹುದು, ಲಾವಂಚದ ನಾರು ಕಣ್ಣಿಗೆ ಕಾಣುತ್ತದೆ, ಸೋಪು ಅಂಗಡಿಯಲ್ಲಿ ಕೂತಲ್ಲೇ ಇನ್ನಷ್ಟು ಒಣಗುತ್ತದೆ. ನನ್ನ ಅಳತೆಯ ಸೋಪಿಗೆ ಪೂರ್ತಿ ಸುತ್ತಲು ಒಂದು ಕೆಜಿ ಕಾಗದದಲ್ಲಿ ಐನೂರು ಚಿಲ್ಲರೆ ಹಾಳೆ ಬಂದರೆ, ಪಟ್ಟಿ ಸಾವಿರದ ಮುನ್ನೂರಕ್ಕೂ ಹೆಚ್ಚು ಬರುತ್ತದೆ.

ಪಟ್ಟಿಯ ಒಂದೇ ತೊಡಕು ಜಾರುವುದು. ಮೊದಲು ಬಿಗಿಯಾಗಿ ಹಾಕಿದ್ದು ಮೂರು ವಾರಕ್ಕೆ ಬಳೆಯ ಹಾಗೆ ಸಡಿಲವಾಯಿತು. ನೀರು ಆರಿದಂತೆ ಸೋಪು ಕುಗ್ಗುತ್ತದೆ. ಆಮೇಲೆ ಪ್ರತಿ ಹದದಿಂದ ಒಂದು ಸೋಪಿಗೆ ಗುರುತು ಹಾಕಿ ವಾರವಾರ ತೂಗತೊಡಗಿದೆ. ಕತ್ತರಿಸಿದ ದಿನ 118 ಗ್ರಾಂ ಇದ್ದದ್ದು ನಾಲ್ಕನೇ ವಾರ 108, ಆರನೇ ವಾರ 105, ಏಳನೇ ವಾರವೂ 105. ತೂಕ ನಿಂತ ಮೇಲೆ ಹಾಕಿದ ಪಟ್ಟಿ ಜಾರಲಿಲ್ಲ. ಲೇಬಲ್ ಮೇಲೆ ಬರೆಯುವ ತೂಕವೂ ಅದೇ, ಗಿರಾಕಿಗೆ ಮೋಸವಿಲ್ಲ.

ಅಂಟಿಗೆ ಮೈದಾ ಸಾಕು, ಕಾಗದದ ಮೇಲೆ ಕಾಗದ ಬರುವಲ್ಲಿ ಮಾತ್ರ. ಹುಳ ಬರದಿರಲಿ ಅಂತ ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಮೈಲುತುತ್ತ ಹಾಕುವುದುಂಟು. ಸೋಪಿಗೆ ಅದು ಬೇಡವೇ ಬೇಡ. ಅದರಲ್ಲಿರುವುದು ತಾಮ್ರ, ಕಬ್ಬಿಣದ ಹಾಗೆಯೇ ತಾಮ್ರವೂ ಎಣ್ಣೆಯನ್ನು ಬೇಗ ಹಳಸಿಸುತ್ತದೆ. ನಾನು ಆಗಿಂದಾಗ ಬೇಕಾದಷ್ಟೇ ಅಂಟು ಕಾಯಿಸಿಕೊಳ್ಳುತ್ತೇನೆ.

ಕೊರಿಯರ್‌ಗೆ ಪಟ್ಟಿ ಸಾಲದು, ತುದಿ ಜಜ್ಜುತ್ತದೆ. ಅದಕ್ಕೆ ಮಾತ್ರ ಪಟ್ಟಿಯ ಮೇಲೆ ಲೇಪನ ಇಲ್ಲದ ಕಾಗದವನ್ನು ಪೂರ್ತಿ ಸುತ್ತುತ್ತೇನೆ. ಧೂಳಿನ ರಸ್ತೆ ಪಕ್ಕ ಅಂಗಡಿ ಇರುವವರೂ ಹಾಗೇ ಮಾಡುವುದು ಮೇಲು. ತಿಂಗಳಿಗೆ ಇನ್ನೂರು ಸೋಪು ಮಾಡಿ, ಹೆಚ್ಚಿನದನ್ನು ಸಂತೆಯಲ್ಲಿ ಕೈಯಿಂದ ಕೈಗೆ ಕೊಡುವ ನನಗೆ ಪಟ್ಟಿಯೇ ಸರಿ.

ಹಳೇ ರೋಲಿನಲ್ಲಿ ಉಳಿದದ್ದನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಅದೀಗ ಸೋಪು ಹೊಯ್ಯುವ ಮರದ ಅಚ್ಚಿನೊಳಗೆ ಹಾಸಲು ಆಗುತ್ತಿದೆ, ಒರೆಸಿ ಒರೆಸಿ ಒಂದೇ ಹಾಳೆಯನ್ನು ನಾಲ್ಕೈದು ಸಲ ಬಳಸುತ್ತೇನೆ.