ಯೂಟ್ಯೂಬ್ ಜೊತೆ ಇನ್‌ಸ್ಟಾಗ್ರಾಂ: ಓವರ್‌ಲ್ಯಾಪ್ ಅಳೆಯಲು ಯಾವ ದಾರಿ ಸರಿ?

ಒಂದೇ ಜಾಹೀರಾತು ಎರಡು ಕಡೆ ಓಡುವಾಗ ಇಬ್ಬರೂ ತಾವು ಎಷ್ಟು ಜನರನ್ನು ಮುಟ್ಟಿದೆವು ಎಂಬ ರೀಚ್ ಸಂಖ್ಯೆಯನ್ನಷ್ಟೇ ಕೊಡುತ್ತಾರೆ. ಎರಡೂ ಕಡೆ ಕಂಡವರು ಎಷ್ಟು ಜನ, ಅಂದರೆ ಓವರ್‌ಲ್ಯಾಪ್ ಎಷ್ಟು ಎಂಬುದನ್ನು ಯಾರೂ ಹೇಳುವುದಿಲ್ಲ. ಅದನ್ನು ಅಂದಾಜು ಮಾಡಲು ಬಳಸಿ ನೋಡಿದ ಮೂರು ದಾರಿಗಳನ್ನು ಒಂದೇ ಉದಾಹರಣೆಯ ಮೇಲೆ ಇಲ್ಲಿ ಹೋಲಿಸಿದ್ದೇವೆ.

ಬೆಂಗಳೂರಿನಲ್ಲಿ ನಮಗೆ ಬೇಕಾದ ವಯಸ್ಸಿನವರು 40 ಲಕ್ಷ ಎಂದುಕೊಳ್ಳಿ. ಒಂದು ವಾರದಲ್ಲಿ ಯೂಟ್ಯೂಬ್ 20 ಲಕ್ಷ ಜನರನ್ನು ಮುಟ್ಟಿದೆ, ಇನ್‌ಸ್ಟಾಗ್ರಾಂ 16 ಲಕ್ಷ ಜನರನ್ನು. ಎರಡರಲ್ಲೂ ಸರಾಸರಿ ಫ್ರೀಕ್ವೆನ್ಸಿ 4, ಅಂದರೆ ಒಬ್ಬರಿಗೆ ಜಾಹೀರಾತು ನಾಲ್ಕು ಸಲ ಬಿದ್ದಿದೆ; ಜಾಹೀರಾತು ಬಿದ್ದ ಒಟ್ಟು ಸಲ, ಅಂದರೆ ಇಂಪ್ರೆಷನ್, 144 ಲಕ್ಷ. ಎರಡೂ ವರದಿಗಳಲ್ಲಿ ಊರು, ವಯಸ್ಸು, ತಾರೀಖು ಒಂದೇ ಇರಬೇಕು. ನಾಲ್ಕು ವಾರದ ರೀಚ್ ಬೇಕಿದ್ದರೆ ವಾರವಾರದ್ದನ್ನು ಕೂಡಿಸದೆ, ಪೂರ್ತಿ ಅವಧಿಗೆ ವರದಿ ಹೊಸದಾಗಿ ತೆಗೆಯಿರಿ. ಕೂಡಿಸಿದರೆ ಒಬ್ಬನೇ ನಾಲ್ಕು ಜನ ಆಗುತ್ತಾನೆ. ಲೆಕ್ಕ ಹೆಚ್ಚಾಗಿ ಕೆಡುವುದು ಇಲ್ಲೇ.

ಮೊದಲ ದಾರಿ ಸೇನ್ಸ್‌ಬರಿ ಸೂತ್ರ. ಒಂದನ್ನು ನೋಡುವುದಕ್ಕೂ ಇನ್ನೊಂದನ್ನು ನೋಡುವುದಕ್ಕೂ ಸಂಬಂಧವಿಲ್ಲ ಎಂದು ಅದು ಊಹಿಸುತ್ತದೆ. 50% ಮತ್ತು 40% ಗುಣಿಸಿದರೆ 20%, ಅಂದರೆ ಎರಡನ್ನೂ ಕಂಡವರು 8 ಲಕ್ಷ, ಒಟ್ಟು ರೀಚ್ 28 ಲಕ್ಷ. ಎರಡೇ ನಿಮಿಷದ ಕೆಲಸ, ಖರ್ಚೂ ಇಲ್ಲ. ಆದರೆ ಮೊಬೈಲ್ ಹೆಚ್ಚು ಹಿಡಿಯುವವರು ಎರಡೂ ಕಡೆ ಇರುತ್ತಾರೆ. ಹಾಗಾಗಿ ಇಂಥ ಜೋಡಿಯಲ್ಲಿ ಈ ಸೂತ್ರ ಓವರ್‌ಲ್ಯಾಪನ್ನು ಕಡಿಮೆ ತೋರಿಸುತ್ತದೆ.

ಎರಡನೆಯದು, ಅದೇ ಸೂತ್ರಕ್ಕೆ ಸಮೀಕ್ಷೆಯಿಂದ ಒಂದು ಗುಣಕ ಸೇರಿಸುವುದು. ನಮಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಕೆಳಗೆ r1, r2 ಎಂದರೆ ಎರಡರ ರೀಚ್ ಶೇಕಡಾವಾರು, R ಒಟ್ಟು ರೀಚ್, k ಆ ಗುಣಕ; P ಎಂದರೆ ಸಮೀಕ್ಷೆಯಲ್ಲಿ ಹೌದು ಎಂದವರ ಪಾಲು.

```
R = r1 + r2 - k*r1*r2
k = P(both) / (P(1)*P(2))
```

ಅದೇ ಊರು, ಅದೇ ವಯಸ್ಸಿನ 400 ಜನರನ್ನು ಎರಡೇ ಪ್ರಶ್ನೆ ಕೇಳಿ: ಕಳೆದ 7 ದಿನದಲ್ಲಿ ಯೂಟ್ಯೂಬ್ ನೋಡಿದ್ದೀರಾ, ಇನ್‌ಸ್ಟಾಗ್ರಾಂ ತೆರೆದಿದ್ದೀರಾ? 240 ಜನ ಮೊದಲನೆಯದಕ್ಕೆ, 180 ಜನ ಎರಡನೆಯದಕ್ಕೆ, 150 ಜನ ಎರಡಕ್ಕೂ ಹೌದು ಎಂದರು ಎಂದಿಟ್ಟುಕೊಳ್ಳಿ. ಸಂಬಂಧವೇ ಇಲ್ಲದಿದ್ದರೆ ಎರಡಕ್ಕೂ ಹೌದು ಎನ್ನುವವರು 108 ಇರಬೇಕಿತ್ತು. 150 ಭಾಗಿಸು 108, k = 1.39. ಆಗ ಓವರ್‌ಲ್ಯಾಪ್ 8 ಲಕ್ಷದಿಂದ 11.1 ಲಕ್ಷಕ್ಕೆ ಏರುತ್ತದೆ, ಒಟ್ಟು ರೀಚ್ 24.9 ಲಕ್ಷಕ್ಕೆ ಇಳಿಯುತ್ತದೆ.

"ಈ ಜಾಹೀರಾತನ್ನು ಎಲ್ಲಿ ನೋಡಿದಿರಿ" ಎಂದು ಕೇಳಲೇಬೇಡಿ. ಜಾಹೀರಾತು ನೆನಪಿದ್ದರೂ ಜಾಗ ನೆನಪಿರುವುದಿಲ್ಲ, ಜನ ಬಾಯಿಗೆ ಬಂದ ದೊಡ್ಡ ಹೆಸರು ಹೇಳಿಬಿಡುತ್ತಾರೆ. ಸಮೀಕ್ಷೆಯನ್ನು ಇನ್‌ಸ್ಟಾಗ್ರಾಂನಲ್ಲೇ ಹಾಕಿದರೂ ಕೆಟ್ಟಂತೆಯೇ, ಅಲ್ಲಿ ಇಲ್ಲದವರು ಉತ್ತರಿಸುವುದೇ ಇಲ್ಲ. ಫೋನಿನಲ್ಲೋ ಎದುರಿಗೋ ಕೇಳಿ. 400 ಜನರ ಸಮೀಕ್ಷೆಯಲ್ಲಿ ಪ್ರತಿ ಶೇಕಡಾವಾರು ಸುಮಾರು 5 ಅಂಶ ಆಚೀಚೆ ಆಗಬಹುದು, ಹಾಗಾಗಿ k ಅನ್ನು 1.4 ಎಂದು ಓದಿದರೆ ಸಾಕು. ಇದು ಬಳಕೆಯ ಓವರ್‌ಲ್ಯಾಪ್. ಹೆಚ್ಚು ಹೊತ್ತು ನೋಡುವವರಿಗೆ ಜಾಹೀರಾತೂ ಹೆಚ್ಚು ಬೀಳುವುದರಿಂದ ನಿಜವಾದದ್ದು ಇನ್ನೂ ತುಸು ಮೇಲಿರುತ್ತದೆ.

ಮೂರನೆಯದು ಖರೀದಿ ಸಾಧನದ ವರದಿ. ಗೂಗಲ್‌ನ ಡಿವಿ360 ಯೂಟ್ಯೂಬನ್ನೂ ತನ್ನ ಮೂಲಕ ಕೊಂಡ ಬೇರೆ ಸೈಟ್‌ಗಳನ್ನೂ ಸೇರಿಸಿ ಒಂದೇ ರೀಚ್ ಕೊಡುತ್ತದೆ. ಆ ಅಂಗಳದೊಳಗೆ ಅದೇ ಉತ್ತಮ. ಆದರೆ ಇನ್‌ಸ್ಟಾಗ್ರಾಂ ಅದರ ಕಣ್ಣಿಗೆ ಬೀಳುವುದಿಲ್ಲ, ನಮ್ಮ ಪ್ರಶ್ನೆಗೆ ಉತ್ತರವೂ ಸಿಗುವುದಿಲ್ಲ.

ಇನ್ನು ಫ್ರೀಕ್ವೆನ್ಸಿ. 144 ಲಕ್ಷವನ್ನು 24.9 ಲಕ್ಷದಿಂದ ಭಾಗಿಸಿದರೆ ಸರಾಸರಿ 5.8. ಆದರೆ ಸುಮಾರು 5.8 ಸಲ ಕಂಡ ಗುಂಪೇ ಇಲ್ಲಿಲ್ಲ: 11.1 ಲಕ್ಷ ಜನ ಸರಾಸರಿ 8 ಸಲ ಕಂಡಿದ್ದಾರೆ, ಉಳಿದ 13.8 ಲಕ್ಷ ಜನ 4 ಸಲ. ಒಬ್ಬರಿಗೆ ಇಷ್ಟೇ ಸಲ ಎಂಬ ಮಿತಿ, ಅಂದರೆ ಕ್ಯಾಪ್, ಹಾಕುವಾಗ ಈ ಎರಡು ಗುಂಪನ್ನು ನೋಡಬೇಕು.

ವಾರಕ್ಕೆ ಒಬ್ಬರಿಗೆ 6ಕ್ಕಿಂತ ಹೆಚ್ಚು ಬೇಡ ಎಂದರೆ ಸುಲಭವಾಗಿ ಹೊಳೆಯುವುದು 3 ಮತ್ತು 3. ಅದಕ್ಕಿಂತ 4 ಮತ್ತು 2 ಒಳ್ಳೆಯದು. ಇನ್‌ಸ್ಟಾಗ್ರಾಂನ 16 ಲಕ್ಷದಲ್ಲಿ ಸುಮಾರು 70% ಜನ ಯೂಟ್ಯೂಬಿನಲ್ಲೂ ಸಿಕ್ಕವರೇ. ಅಲ್ಲಿ ಮಿತಿ 2ಕ್ಕೆ ಇಳಿಸಿದರೆ ಕೊರತೆ ಆಗುವುದು ಅಲ್ಲಿ ಮಾತ್ರ ಸಿಗುವ 4.9 ಲಕ್ಷ ಜನರಿಗೆ. 3 ಮತ್ತು 3 ಮಾಡಿದರೆ ಯೂಟ್ಯೂಬಿನಲ್ಲಿ ಮಾತ್ರ ಸಿಗುವ 8.9 ಲಕ್ಷ ಜನರಿಗೂ ಒಂದು ಸಲ ಕಡಿಮೆ.

ಒಂದು ಎಚ್ಚರಿಕೆ: ಇನ್‌ಸ್ಟಾಗ್ರಾಂ ನಡೆಸುವ ಮೆಟಾದಲ್ಲಿ ಕ್ಯಾಪ್ ಬೀಳುವುದು ಆಡ್ ಸೆಟ್ ಮಟ್ಟದಲ್ಲಿ, ಅಂದರೆ ಕ್ಯಾಂಪೇನಿನೊಳಗಿನ ಒಂದೊಂದು ಜಾಹೀರಾತು ಗುಂಪಿಗೆ. ಒಂದೇ ಜನರಿಗೆ ಮೂರು ಆಡ್ ಸೆಟ್ ಓಡಿಸಿ ಪ್ರತಿಯೊಂದಕ್ಕೂ 2 ಹಾಕಿದರೆ ಒಬ್ಬರಿಗೆ 6 ಸಲ ಬೀಳಬಹುದು. ಮೂರನ್ನೂ ಒಂದೇ ಆಡ್ ಸೆಟ್‌ಗೆ ತನ್ನಿ. ಕ್ಯಾಪ್ ಹಾಕಿದ ಮುಂದಿನ ವಾರ ಕ್ಯಾಂಪೇನ್ ಮಟ್ಟದ ಫ್ರೀಕ್ವೆನ್ಸಿ 2 ದಾಟಿದ್ದರೆ ಎಲ್ಲೋ ಒಂದು ಆಡ್ ಸೆಟ್ ಹೊರಗೆ ಉಳಿದಿದೆ ಎಂದೇ ತಿಳಿಯಿರಿ.